ಪ್ಯಾಲೆಟ್ ಹಲಗೆ ಮೂರಡಿ, ಸೋಫಾ ಆರಡಿ: ಮುಂದಿನ ಪಟ್ಟಿ ಜೋಡಿಸೋದು ಹೇಗೆ?

ಸಹನಾ_ರಾಜಾಜಿನಗರ

ಎಲ್ಲರಿಗೂ ನಮಸ್ಕಾರ. ಪೀಣ್ಯದ ಗುಜರಿ ಅಂಗಡಿಯಿಂದ ಐದು ಮರದ ಪ್ಯಾಲೆಟ್ ತಂದಿದ್ದೇನೆ. ಒಂದೊಂದೂ 120 ಸೆಂ.ಮೀ ಉದ್ದ, 100 ಸೆಂ.ಮೀ ಅಗಲ. ಕೆಳಗೆ ಮೂರು ದಪ್ಪ ತೊಲೆ, ಅದರ ಮೇಲೆ ಅಡ್ಡಡ್ಡ ಏಳು ಹಲಗೆ, ಅಡಿಯಲ್ಲಿ ಮೂರು ಹಲಗೆ. ಇವನ್ನು ಬಿಚ್ಚಿ, ಉಜ್ಜಿ, ಮೂವರು ಕೂರುವ ಸೋಫಾದ ಚೌಕಟ್ಟು ಮಾಡಬೇಕು ಅಂತ ಆಸೆ. ಪ್ಯಾಲೆಟ್‌ಗಳನ್ನು ಹಾಗೇ ಒಂದರ ಮೇಲೊಂದು ಇಟ್ಟು ದಿಂಬು ಹಾಕೋದಲ್ಲ. ನಮ್ಮ ಹಾಲ್ ಚಿಕ್ಕದು, ಅಷ್ಟು ದಪ್ಪದ್ದು ಹಿಡಿಸಲ್ಲ.

ನನಗಿರೋದು ಎರಡು ತಲೆನೋವು. ಒಂದು, ಮೊಳೆ ಬರ್ತಾ ಇಲ್ಲ. ಸಲಾಕೆ ಹಾಕಿ ಎತ್ತಿದರೆ ಹಲಗೆಯ ತುದಿ ಸೀಳುತ್ತೆ. ಎರಡು, ಸೋಫಾ 180 ಸೆಂ.ಮೀ ಬೇಕು, ಹಲಗೆ ಇರೋದು 100. ಮುಂದಿನ ಪಟ್ಟಿಯನ್ನು ಎರಡು ತುಂಡು ಸೇರಿಸಿ ಮಾಡಿದರೆ ನಡುವೆ ಮುರಿಯಲ್ವಾ? ನನ್ನ ಹತ್ತಿರ ಡ್ರಿಲ್, ಸಣ್ಣ ಸ್ಯಾಂಡರ್, ಕೈಗರಗಸ, ನಾಲ್ಕು ಸಿ-ಕ್ಲಾಂಪ್ ಇವೆ. ಕೆಲಸ ಮಾಡೋಕೆ ಅಪಾರ್ಟ್‌ಮೆಂಟ್ ತಾರಸಿ ಇದೆ.

ಮಲೆನಾಡ_ಮಾಣಿ

ಎರಡು ಪ್ಯಾಲೆಟ್ ಕೆಳಗೆ, ಒಂದು ಹಿಂದೆ ನಿಲ್ಲಿಸಿ ಗೋಡೆಗೆ ಒರಗಿಸಿ. ಮೇಲೆ ಹಾಸಿಗೆ ಹಾಕಿ. ಅರ್ಧ ಗಂಟೆ ಕೆಲಸ. ನಮ್ಮ ಶಿರಸಿ ಮನೆ ಜಗಲಿಯಲ್ಲಿ ಹಾಗೇ ಇದೆ, ಅಡಿಕೆ ಸುಲಿಯೋಕೆ ಬಂದವರೆಲ್ಲ ಅದರ ಮೇಲೇ ಕೂರ್ತಾರೆ.

ಸಹನಾ_ರಾಜಾಜಿನಗರ

ಅಣ್ಣಾ, ಹಾಗೆ ಬೇಡ ಅಂತ ಮೇಲೇ ಬರೆದಿದ್ದೇನಲ್ಲ 🙂

ಕುಡ್ಲದ_ಕಿಟ್ಟ

ಮೊದಲು ಮುದ್ರೆ ನೋಡಿ ಮಾರಾಯ್ರೆ. ಗೋಧಿ ತೆನೆಯ ಚಿತ್ರ, ಪಕ್ಕದಲ್ಲಿ ದೇಶದ ಎರಡು ಅಕ್ಷರ, ನಂತರ ಎಚ್‌ಟಿ ಅಥವಾ ಎಂಬಿ ಅಂತ ಇರುತ್ತದೆ. ಎಚ್‌ಟಿ ಅಂದರೆ ಬಿಸಿ ಮಾಡಿದ ಮರ. ಅದಕ್ಕೆ ಜನ್ಮದಲ್ಲಿ ಹುಳ ಹಿಡಿಯುವುದಿಲ್ಲ, ಗೆದ್ದಲೂ ಬರುವುದಿಲ್ಲ. ಎಂಬಿ ಅಂದರೆ ವಿಷದ ಗಾಳಿ ಹಾಕಿದ್ದು. ಮುದ್ರೆಯೇ ಇಲ್ಲದಿದ್ದರೆ ಅದೂ ವಿಷವೇ, ಬಿಸಾಡಿ. ನಾನು ಮಂಗಳೂರು ಬಂದರಿನ ಹತ್ತಿರ ಇರುವವನು, ದಿನಾ ನೋಡುತ್ತೇನೆ.

ಪೀಣ್ಯ_ಪ್ಯಾಕಿಂಗ್

ಕಿಟ್ಟಣ್ಣ ಹೇಳಿದ್ದರಲ್ಲಿ ಅರ್ಧ ಸರಿ. ನಾನು ಮರದ ಪೆಟ್ಟಿಗೆ, ಪ್ಯಾಲೆಟ್ ಮಾಡುವ ಘಟಕದಲ್ಲಿ ತುಂಬಾ ವರ್ಷದಿಂದ ಕೆಲಸ ಮಾಡ್ತಿದ್ದೇನೆ, ಅದಕ್ಕೆ ಹೇಳ್ತೀನಿ.

ಎಚ್‌ಟಿ ಅಂದರೆ ಮರದ ಒಳಭಾಗದವರೆಗೂ 56 ಡಿಗ್ರಿ ಬಿಸಿ ಮುಟ್ಟಿಸಿ, ಅದೇ ಬಿಸಿಯಲ್ಲಿ 30 ನಿಮಿಷ ಇಟ್ಟಿದ್ದಾರೆ ಅಂತ ಅರ್ಥ. ಆಗ ಒಳಗಿದ್ದ ಹುಳ ಸಾಯುತ್ತೆ, ಅಷ್ಟೆ. ನಾಳೆ ಹೊಸ ಹುಳ ಬಂದು ಮೊಟ್ಟೆ ಇಟ್ಟರೆ ತಡೆಯೋಕೆ ಮರದಲ್ಲಿ ಏನೂ ಉಳಿದಿರಲ್ಲ. ಗೆದ್ದಲಿಗಂತೂ ಅದು ಮಾಮೂಲಿ ಮರವೇ.

ಮುದ್ರೆ ಇಲ್ಲದ್ದು ವಿಷ ಅನ್ನೋದೂ ಸರಿಯಲ್ಲ. ಆ ಮುದ್ರೆ ಬೇಕಾಗೋದು ಮರ ಒಂದು ದೇಶದಿಂದ ಇನ್ನೊಂದಕ್ಕೆ ಹೋಗುವಾಗ. ಹೊಸೂರಿನಿಂದ ಪೀಣ್ಯಕ್ಕೆ ಓಡಾಡೋ ಪ್ಯಾಲೆಟ್‌ಗೆ ಯಾರೂ ಮುದ್ರೆ ಹಾಕಿಸಲ್ಲ. ನಮ್ಮಲ್ಲಿ ಸಿಗುವ ಎಷ್ಟೋ ಪ್ಯಾಲೆಟ್ ಅಂಥವೇ. ಎಂಬಿ ಇದ್ದರೆ ಮಾತ್ರ ಮನೆಯೊಳಗೆ ಬೇಡ, ಅದನ್ನು ಒಪ್ಪುತ್ತೇನೆ.

ನಾನು ಹೆಚ್ಚು ಹೆದರೋದು ಪ್ಯಾಲೆಟ್ ಮೇಲೆ ಏನು ಸುರಿದಿದೆ ಅನ್ನೋದಕ್ಕೆ. ಎಣ್ಣೆ, ಬಣ್ಣ, ರಾಸಾಯನಿಕದ ಡ್ರಮ್ ಇಟ್ಟಿದ್ದರೆ ಕಲೆ ಮರದ ಒಳಗೆ ಇಳಿದಿರುತ್ತೆ. ಹಲಗೆ ಮೇಲೆ ಸ್ವಲ್ಪ ಬಿಸಿನೀರು ಹಾಕಿ ಮೂಸಿ ನೋಡಿ. ಒಣಗಿದಾಗ ಅಡಗಿರೋ ವಾಸನೆ ಆಗ ಎದ್ದು ಬರುತ್ತೆ. ಮೂಗಿಗೆ ಚುರ್ ಅಂದರೆ ಆ ಹಲಗೆ ತೆಗೆದಿಡಿ. ಅಂಥದ್ದನ್ನು ಉಜ್ಜಿದರೆ ದೂಳೆಲ್ಲ ನಿಮ್ಮ ಎದೆಗೇ ಹೋಗೋದು.

ಸಹನಾ ಮೇಡಂ, ಯಾವ ಮರ? ಒಂದು ತುದಿ ಗರಗಸದಲ್ಲಿ ಕತ್ತರಿಸಿ ಫೋಟೋ ಹಾಕಿ. ಬಣ್ಣ ಬಳಿದಿದ್ದರೆ ಅದನ್ನೂ ಹೇಳಿ.

ಸಹನಾ_ರಾಜಾಜಿನಗರ

ಫೋಟೋ ಹಾಕಿದ್ದೇನೆ ಸಾರ್. ಮೂರರಲ್ಲಿ ತಿಳಿ ಬಣ್ಣದ ಮರ, ಬದಿಯಲ್ಲಿ ಹೊಳೆಯೋ ಚುಕ್ಕಿ ಚುಕ್ಕಿ ಇದೆ. ಒಂದು ಕೆಂಪಗೆ, ಎತ್ತೋಕಾಗದಷ್ಟು ಭಾರ. ಇನ್ನೊಂದಕ್ಕೆ ಪೂರ್ತಿ ನೀಲಿ ಬಣ್ಣ. ಯಾವುದಕ್ಕೂ ಮುದ್ರೆ ಇಲ್ಲ. ವಾಸನೆಯೂ ಇಲ್ಲ.

ಪೀಣ್ಯ_ಪ್ಯಾಕಿಂಗ್

ಚುಕ್ಕಿ ಇರೋದು ಸಿಲ್ವರ್ ಓಕ್. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟದಲ್ಲಿ ನೆರಳಿಗೆ ಅಂತ ಬೆಳೆಸ್ತಾರಲ್ಲ, ಅದೇ. ಪ್ಯಾಕಿಂಗ್‌ಗೆ ತುಂಬಾ ಬರುತ್ತೆ. ನಿಮ್ಮ ಕೆಲಸಕ್ಕೆ ಚೆನ್ನಾಗಿದೆ, ಉಜ್ಜಿದರೆ ನೋಡೋಕೂ ಚಂದ. ಕೆಂಪಗಿರೋದು ನೀಲಗಿರಿ. ಗಟ್ಟಿ, ಆದರೆ ಮೊಳೆ ಬಿಡಲ್ಲ, ತೂತು ಕೊರೆಯದೆ ಸ್ಕ್ರೂ ಹಾಕಿದರೆ ಸ್ಕ್ರೂ ತಲೆಯೇ ಮುರಿಯುತ್ತೆ. ಅದರ ತೊಲೆಗಳನ್ನು ಕಾಲಿಗೆ ಇಟ್ಟುಕೊಳ್ಳಿ.

ನೀಲಿ ಪ್ಯಾಲೆಟ್ ಮುಟ್ಟಬೇಡಿ. ಪೂರ್ತಿ ನೀಲಿ ಬಳಿದದ್ದು ಸಾಮಾನ್ಯವಾಗಿ ಪ್ಯಾಲೆಟ್ ಬಾಡಿಗೆ ಕೊಡುವ ಕಂಪನಿಯ ಸ್ವತ್ತು. ಅವರು ಮಾರಲ್ಲ, ವಾಪಸ್ ಒಯ್ಯುತ್ತಾರೆ. ಗುಜರಿಯವನಿಗೆ ಹಿಂದೆ ಕೊಟ್ಟು ಬದಲಿ ಕೇಳಿ.

ಮಂಜು_ಮ್ಯೂನಿಕ್

ಇಲ್ಲಿ ಜರ್ಮನಿಯಲ್ಲೂ ಅದೇ ಕಥೆ. ಯೂರೋ ಪ್ಯಾಲೆಟ್ ಅಂದರೆ ಅದಲುಬದಲಿನ ಲೆಕ್ಕದಲ್ಲಿ ಓಡಾಡೋ ವಸ್ತು, ಲಾರಿಯವರು ತುಂಬಿದ್ದು ಕೊಟ್ಟು ಖಾಲಿ ಎಣಿಸಿ ತಗೊಂಡು ಹೋಗ್ತಾರೆ. ಅಂಗಡಿ ಹಿಂದೆ ಬಿದ್ದಿದೆ ಅಂತ ಎತ್ತಿಕೊಂಡು ಬರೋ ಹಾಗಿಲ್ಲ. ಒಂದೇ ಸಲ ಬಳಸೋ ತೆಳು ಪ್ಯಾಲೆಟ್ ಬೇರೆ ಇರುತ್ತೆ, ಅದನ್ನು ಕೇಳಿದರೆ ಸಂತೋಷವಾಗಿ ಕೊಡ್ತಾರೆ.

ಯೂರೋ ಪ್ಯಾಲೆಟ್‌ಗೆ 78 ಮೊಳೆ. ತೊಲೆ ಇಲ್ಲ, ಒಂಬತ್ತು ಮರದ ಗಟ್ಟಿ ಇರುತ್ತೆ. ಹಲಗೆ 22 ಮಿ.ಮೀ ದಪ್ಪ. ಮೊಳೆಗಳಿಗೆ ಸುರುಳಿ ಗೆರೆ ಇರೋದರಿಂದ ಎಳೆದರೆ ಬರೋದೇ ಇಲ್ಲ. ನಾನು ಎಳೆಯೋ ಗೋಜಿಗೇ ಹೋಗಲ್ಲ, ಕತ್ತರಿಸ್ತೀನಿ.

ಕುಡ್ಲದ_ಕಿಟ್ಟ

ಕತ್ತರಿಸುವುದೇ ಸುಲಭ. ಸರ್ಕ್ಯುಲರ್ ಗರಗಸ ತಗೊಂಡು ತೊಲೆಯ ಪಕ್ಕದಲ್ಲೇ ಹಲಗೆ ಕೊಯ್ದುಬಿಡಿ. ಹತ್ತು ನಿಮಿಷಕ್ಕೆ ಒಂದು ಪ್ಯಾಲೆಟ್ ಮುಗಿಯುತ್ತದೆ, ಒಂದು ಮೊಳೆಯೂ ಕೀಳಬೇಕಿಲ್ಲ.

ಮಂಜು_ಮ್ಯೂನಿಕ್

ನಾನು ಹೇಳಿದ್ದು ಮೊಳೆ ಕತ್ತರಿಸೋದು, ಹಲಗೆ ಅಲ್ಲ 😀

ಪೀಣ್ಯ_ಪ್ಯಾಕಿಂಗ್

ಕಿಟ್ಟಣ್ಣನ ಉಪಾಯದಲ್ಲಿ ಹಲಗೆ ಏನಾಗುತ್ತೆ ನೋಡಿ. ತೊಲೆ ಮೂರು: ಎರಡು ತುದಿಯಲ್ಲಿ, ಒಂದು ನಡುವೆ. ಮೂರೂ ಕಡೆ ಕೊಯ್ದರೆ 100 ಸೆಂ.ಮೀ ಹಲಗೆ 40 ಚಿಲ್ಲರೆಯ ಎರಡು ತುಂಡಾಗುತ್ತೆ. ಕೂರುವ ಜಾಗದ ಆಳವೇ 55 ಸೆಂ.ಮೀ ಬೇಕು. ಆ ತುಂಡುಗಳು ಸೋಫಾದ ಯಾವ ಮುಖ್ಯ ಭಾಗಕ್ಕೂ ಸಾಲಲ್ಲ. ಉದ್ದ ಉಳಿಸಿಕೊಳ್ಳೋದೇ ಇಲ್ಲಿ ಎಲ್ಲಕ್ಕಿಂತ ದೊಡ್ಡ ವಿಷಯ.

ನಾನು ಮಾಡೋ ಕ್ರಮ ಹೇಳ್ತೀನಿ. ಮೊದಲು ಪ್ಯಾಲೆಟ್ ಮಗುಚಿ ಮೊಳೆಯ ತುದಿ ನೋಡಿ. ನಮ್ಮ ಕಡೆ ಅಡಿಯ ಹಲಗೆಯಲ್ಲಿ ಮೊಳೆ ಆಚೆ ದಾಟಿಸಿ ಮಡಚಿ ಬಡಿದಿರ್ತಾರೆ. ಮಡಚಿದ್ದು ಹಾಗೇ ಇದ್ದರೆ ದೇವರು ಬಂದು ಎಳೆದರೂ ಬರಲ್ಲ, ಹಲಗೆಯೇ ಸೀಳೋದು. ಮಡಚಿದ ತುದಿಯನ್ನು ಉಳಿಯಿಂದ ಎಬ್ಬಿಸಿ ನೇರ ಮಾಡಿ. ಇಲ್ಲವೇ ಗ್ರೈಂಡರ್‌ನಲ್ಲಿ ತುದಿ ಹಾರಿಸಿ. ಗ್ರೈಂಡರ್ ಆದರೆ ಸುತ್ತಲಿನ ಮರದ ಪುಡಿ ಗುಡಿಸಿದ ಮೇಲೇ ಶುರು ಮಾಡಿ. ಕಿಡಿ ಪುಡಿಯಲ್ಲಿ ಬಿದ್ದು ತುಂಬಾ ಹೊತ್ತು ಕಾಣದ ಹಾಗೆ ಉರಿಯುತ್ತೆ.

ಆಮೇಲೆ ಹಲಗೆ ಮತ್ತು ತೊಲೆಯ ನಡುವೆ ಸಲಾಕೆಯಿಂದ ಒಂದು ಬೆರಳಿನ ಕಾಲುಭಾಗದಷ್ಟು ಸಂದು ಮಾಡಿ. ಒಂದೇ ತುದಿಯನ್ನು ಪೂರ್ತಿ ಎತ್ತಬೇಡಿ. ಮೂರೂ ತೊಲೆಯ ಹತ್ತಿರ ಸ್ವಲ್ಪ ಸ್ವಲ್ಪ. ಒಂದು ಕಡೆ ಎತ್ತಿ ಇನ್ನೊಂದು ಕಡೆ ಮೊಳೆ ಹಿಡಿದಿದ್ದರೆ ಹಲಗೆ ತಿರುಚಿಕೊಂಡು ಸೀಳುತ್ತೆ, ನಿಮಗೆ ಆಗಿರೋದು ಅದೇ. ಸಂದು ಆದ ಮೇಲೆ ಅದರೊಳಗೆ ಗರಗಸದ ಅಲಗು ತೂರಿಸಿ ಮೊಳೆ ಕತ್ತರಿಸಿ. ಹಿಂದೆ ಮುಂದೆ ಓಡೋ ರೆಸಿಪ್ರೊಕೇಟಿಂಗ್ ಗರಗಸ ಬಾಡಿಗೆಗೆ ಸಿಕ್ಕರೆ ಉತ್ತಮ. ಅಲಗು ಮಾತ್ರ ಮರ ಮತ್ತು ಕಬ್ಬಿಣ ಎರಡಕ್ಕೂ ಆಗುವಂಥದ್ದು ಕೇಳಿ ತನ್ನಿ. ಅದಿಲ್ಲದಿದ್ದರೆ ಹ್ಯಾಕ್ಸಾ ಅಲಗಿನ ಒಂದು ತುದಿಗೆ ಬಟ್ಟೆ ಸುತ್ತಿ ಹಿಡಿದುಕೊಂಡೂ ಕತ್ತರಿಸಬಹುದು. ನಿಧಾನ, ಆದರೆ ಹಲಗೆ ಉಳಿಯುತ್ತೆ.

ಕತ್ತರಿಸಿದ ಮೇಲೆ ಹಲಗೆಯಲ್ಲಿ ಮೊಳೆಯ ತಲೆ, ಗಿಡ್ಡ ಕಾಂಡ ಉಳಿದಿರುತ್ತೆ. ಹಿಂದಿನಿಂದ ಪಂಚ್ ಇಟ್ಟು ಹೊಡೆದರೆ ತಲೆ ಹೊರಗೆ ಬರುತ್ತೆ. ಆಗ ಇಕ್ಕಳಕ್ಕೆ ಸಿಗುತ್ತೆ.

ಹುಬ್ಬಳ್ಳಿ_ಕಾಕಾ

ಇಷ್ಟೆಲ್ಲಾ ಗರಗಸ ಬಾಡಿಗಿ, ಸ್ಯಾಂಡ್‌ಪೇಪರು, ಅಂಟು, ಪಾಲಿಶು, ಫೋಮು... ಲೆಕ್ಕಾ ಹಾಕ್ರಿ ತಂಗಿ. ಫೋಮ್ ಮತ್ತ ಅದರ ಕವರ್ ರೊಕ್ಕ ಮರದ ರೊಕ್ಕಕ್ಕಿಂತ ಭಾಳ ಆಗ್ತದ. ನಮ್ಮ ಮನಿಗೆ ಹಳೇ ತೇಗದ ಬಾಗಿಲ ಚೌಕಟ್ಟು ತಂದು ಬಡಿಗ್ಯಾರ ಕಡೆ ಮಾಡಿಸಿದ್ವಿ. ಅದ ಬೇಸಿ ಅನ್ಸತದ.

ಸಹನಾ_ರಾಜಾಜಿನಗರ

ಕಾಕಾ, ಫೋಮ್ ಹಳೇ ದಿವಾನದ್ದು ಇದೆ. ಹೊಸದು ತರಲ್ಲ. ಅದು 13 ಸೆಂ.ಮೀ ದಪ್ಪ ಇದೆ.

ಪೀಣ್ಯ ಸಾರ್, ಹ್ಯಾಕ್ಸಾದಲ್ಲಿ ಒಂದು ಪ್ಯಾಲೆಟ್ ಬಿಚ್ಚಿದೆ. ಎರಡು ಹಲಗೆ ಬಿಟ್ಟು ಉಳಿದವು ಸರಿಯಾಗಿ ಬಂದವು. ಗುಜರಿಯವರು ನೀಲಿ ಪ್ಯಾಲೆಟ್ ತಗೊಂಡು ದುಡ್ಡು ವಾಪಸ್ ಕೊಟ್ಟರು, ಬದಲಿ ಇಲ್ಲವಂತೆ. ಈಗ ನಾಲ್ಕೇ ಇವೆ. ಸಾಕಾಗುತ್ತಾ? ಈಗ ಆ ಉದ್ದದ ಪಟ್ಟಿ ವಿಷಯ ಹೇಳಿ.

ಪೀಣ್ಯ_ಪ್ಯಾಕಿಂಗ್

ಹಾಂ, ಅಸಲಿ ಪ್ರಶ್ನೆಗೆ ಬಂದೆವು.

ಮೊದಲು ಹಲಗೆ ಹೇಗೆ ನಿಲ್ಲಬೇಕು ಅನ್ನೋದು. ನಿಮ್ಮ ಹಲಗೆ ಸುಮಾರು 9 ಸೆಂ.ಮೀ ಅಗಲ, 2 ಸೆಂ.ಮೀ ದಪ್ಪ ಅಂತ ಇಟ್ಟುಕೊಳ್ಳೋಣ. ಮುಂದಿನ ಪಟ್ಟಿಯಲ್ಲಿ ಅದು ಮಲಗಬಾರದು, ಅಂಚಿನ ಮೇಲೆ ನಿಲ್ಲಬೇಕು. ಅದೇ ಹಲಗೆ ಮಲಗಿದ್ದಕ್ಕಿಂತ ನಿಂತಾಗ ಬಾಗೋದಕ್ಕೆ ಸುಮಾರು 20 ಪಟ್ಟು ಜಾಸ್ತಿ ತಡೆ ಒಡ್ಡುತ್ತೆ. ಹಾಗಾಗಿ ನಿಂತ ಹಲಗೆ ಸುಮ್ನೆ ಬಾಗಲ್ಲ. ತೊಂದರೆ ಇರೋದು ತುಂಡುಗಳ ಸಂದಿನಲ್ಲಿ.

ಅದಕ್ಕೆ ಎರಡು ಪದರ ಮಾಡಿ, ಗೋಡೆಗೆ ಇಟ್ಟಿಗೆ ಇಡೋ ಹಾಗೆ ಸಂದು ತಪ್ಪಿಸಿ. ಒಳಪದರ 90 ಮತ್ತು 90. ಅದರ ಸಂದು ಸರಿಯಾಗಿ ನಡುವೆ ಬರುತ್ತೆ. ಹೊರಪದರ 67, 46, 67. ಅದರ ಸಂದುಗಳು ನಡುವಿನಿಂದ ಎರಡೂ ಬದಿಗೆ 23 ಸೆಂ.ಮೀ ದೂರ. ಒಂದು ಪದರದ ಸಂದಿನ ಹಿಂದೆ ಇನ್ನೊಂದು ಪದರದ ಪೂರ್ತಿ ಹಲಗೆ ಇರುತ್ತೆ. ಎರಡನ್ನೂ ಅಂಟು ಹಾಕಿ ಸೇರಿಸಿ. ನಡುವೆ ಒಂದು ಕಾಲು ಕೊಡಿ. ಆ ಕಾಲಿನ ಹಿಂದೆ, ಒಳಪದರದ ಸಂದಿನ ಮೇಲೆ, ಇನ್ನೊಂದು 45 ಸೆಂ.ಮೀ ತುಂಡು ಅಂಟಿಸಿ.

23 ಎಲ್ಲಿಂದ ಬಂತು ಅಂತ ಕೇಳಬಹುದು. ನಡುಗಾಲು ಇದ್ದಾಗ ಭಾರ ಬಿದ್ದರೆ ಪಟ್ಟಿ ಎರಡೂ ಅಂಕಣದಲ್ಲಿ, ಅಂದರೆ ಒಂದು ಕಾಲಿಗೂ ಇನ್ನೊಂದು ಕಾಲಿಗೂ ನಡುವೆ, ಕೆಳಕ್ಕೆ ಬಾಗುತ್ತೆ, ಕಾಲಿನ ಮೇಲೆ ಮಾತ್ರ ಮೇಲಕ್ಕೆ ಉಬ್ಬುತ್ತೆ. ಒಂದರಿಂದ ಇನ್ನೊಂದಕ್ಕೆ ತಿರುಗುವ ಜಾಗದಲ್ಲಿ ಬಾಗುವ ಒತ್ತಡ ಸೊನ್ನೆ. ಭಾರ ಎಲ್ಲ ಕಡೆ ಸಮವಾಗಿ ಬಿದ್ದಾಗ ಆ ಜಾಗ ನಡುಗಾಲಿನಿಂದ ಅಂಕಣದ ಕಾಲುಭಾಗ ದೂರದಲ್ಲಿರುತ್ತೆ. ನಿಮ್ಮ ಅಂಕಣ 90, ಅದರ ಕಾಲುಭಾಗ 22 ಚಿಲ್ಲರೆ. ಸಂದು ಇಡೋಕೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ. ಒಬ್ಬರೇ ಒಂದು ತುದಿಯಲ್ಲಿ ಕೂತಾಗ ಈ ಜಾಗ ಸ್ವಲ್ಪ ಅತ್ತಿತ್ತ ಸರಿಯುತ್ತೆ. ಅದಕ್ಕೇ ಹಿಂದೆ ಪೂರ್ತಿ ಹಲಗೆ ಇರಬೇಕು ಅನ್ನೋದು.

ನಾಲ್ಕು ಸಾಕಾ ಅಂದರೆ, ಕಷ್ಟದಲ್ಲಿ ಸಾಕು. ಪ್ಯಾಲೆಟ್‌ಗೆ ಹತ್ತು ಹಲಗೆ, ಒಟ್ಟು 40. ನಿಮಗೆ ಹತ್ತರಲ್ಲಿ ಎರಡು ಹಾಳಾಗಿವೆ. ಅದೇ ಲೆಕ್ಕದಲ್ಲಿ 32 ಉಳಿಯುತ್ತವೆ. ಮುಂದಿನ ಪಟ್ಟಿಗೆ 5, ಹಿಂದಿನದಕ್ಕೆ 5, ಕೂರುವ ಜಾಗದ ಅಡ್ಡಹಲಗೆ 13, ಒರಗುವ ಭಾಗಕ್ಕೆ ನಾಲ್ಕು ಸಾಲಿನಂತೆ 8. ಒಟ್ಟು 31. ಕಾಲು, ಎರಡು ಪಕ್ಕದ ಪಟ್ಟಿ, ಅಡ್ಡಹಲಗೆ ಕೂರಿಸೋ ರೀಪರ್ ಎಲ್ಲ ತೊಲೆಯಿಂದ ಬರುತ್ತೆ. ಅದು ನಿಮ್ಮ ಹತ್ತಿರ 12 ಇವೆ, ಚಿಂತೆಯಿಲ್ಲ.

ಮಂಜು_ಮ್ಯೂನಿಕ್

ಲೆಕ್ಕ ಒಪ್ಪಿದೆ. ಆದರೆ ಹಲಗೆಯ ತುದಿಗಳನ್ನು ಸುಮ್ನೆ ಮುಖಾಮುಖಿ ಇಡೋದು ನನಗೆ ಹಿಡಿಸಲ್ಲ. ತುದಿಯನ್ನು ಅರ್ಧ ದಪ್ಪ ಕೆತ್ತಿ ಒಂದರ ಮೇಲೊಂದು ಕೂರಿಸಿದರೆ ಸಂದು ಬಾಯಿ ಬಿಡಲ್ಲ. ಮರ ಒಣಗಿದಾಗ ಕಾಣೋ ಕರಿ ಗೆರೆಯೂ ಕಮ್ಮಿ.

ಪೀಣ್ಯ_ಪ್ಯಾಕಿಂಗ್

2 ಸೆಂ.ಮೀ ಹಲಗೆಯಲ್ಲಿ ಅರ್ಧ ಅಂದರೆ 1 ಸೆಂ.ಮೀ. ಅಷ್ಟು ತೆಳು ನಾಲಿಗೆಯನ್ನು ಕೈಗರಗಸದಲ್ಲಿ ನೆಟ್ಟಗೆ ಕೆತ್ತೋದು ಅಭ್ಯಾಸ ಇದ್ದವರಿಗೂ ಕಷ್ಟ. ಎರಡು ಪದರ ಇದ್ದಮೇಲೆ ಬಲವೆಲ್ಲ ಪಕ್ಕದ ಹಲಗೆಯ ಅಂಟಿನ ಮೂಲಕವೇ ದಾಟೋದು. ತುದಿಯ ಕೆತ್ತನೆಯಿಂದ ಸಿಗೋ ಲಾಭ ಕಣ್ಣಿಗೆ ಮಾತ್ರ.

ಮಂಜು_ಮ್ಯೂನಿಕ್

ಸೋಫಾ ನೋಡೋದು ಕಣ್ಣಲ್ಲೇ ಅಲ್ವಾ ಸಾರ್. ನನ್ನ ಮಾತು ನಾನು ಬಿಡಲ್ಲ.

ಕುಡ್ಲದ_ಕಿಟ್ಟ

ಅಂಟು ಯಾಕೆ? ಉದ್ದ ಸ್ಕ್ರೂ ಹತ್ತು ಹಾಕಿದರೆ ಆಯ್ತು. ಮುಂದೆ ಬಿಚ್ಚಲಿಕ್ಕೂ ಬರುತ್ತದೆ.

ಪೀಣ್ಯ_ಪ್ಯಾಕಿಂಗ್

ಸ್ಕ್ರೂ ಮಾತ್ರ ಇದ್ದರೆ ದಿನಾ ಕೂತು ಏಳೋ ಅಲುಗಾಟಕ್ಕೆ ಮೆದು ಮರದಲ್ಲಿ ತೂತು ಹಿಗ್ಗುತ್ತೆ. ಆಮೇಲೆ ಸಂದು ಕಿರ್ ಕಿರ್ ಅನ್ನುತ್ತೆ. ಅಂಟಾದರೆ 23 ಸೆಂ.ಮೀ ಉದ್ದ, 9 ಸೆಂ.ಮೀ ಅಗಲದ ಇಡೀ ಮುಖ ಭಾರ ಹೊರುತ್ತೆ. ಹಾಗಂತ ಸ್ಕ್ರೂ ಬೇಡ ಅಂತಲ್ಲ. ಸಹನಾ ಅವರ ಹತ್ತಿರ ನಾಲ್ಕೇ ಕ್ಲಾಂಪ್ ಇವೆ, 180 ಸೆಂ.ಮೀ ಉದ್ದಕ್ಕೆ ಸಾಲಲ್ಲ. ಗೇಣಿಗೊಂದರಂತೆ ಒಳಮುಖದಿಂದ 35 ಮಿ.ಮೀ ಸ್ಕ್ರೂ ಹಾಕಿ ಬಿಗಿಸಿದರೆ ಅದೇ ಕ್ಲಾಂಪ್ ಕೆಲಸ ಮಾಡುತ್ತೆ. ಎರಡು ಹಲಗೆ ಸೇರಿ 40 ಮಿ.ಮೀ, ಹಾಗಾಗಿ 35ಕ್ಕಿಂತ ಉದ್ದದ್ದು ತಂದರೆ ಮುಂದೆ ಮೊನೆ ಕಾಣಿಸುತ್ತೆ.

ಬಿಚ್ಚೋದಕ್ಕೆ ಬರಬೇಕಾದ್ದು ಬೇರೆ ಕಡೆ. ಪಕ್ಕದ ಪಟ್ಟಿ ಮುಂದಿನ ಪಟ್ಟಿಗೆ ಸೇರೋ ಮೂಲೆ, ಒರಗುವ ಭಾಗ ಕೂರುವ ಭಾಗಕ್ಕೆ ಸೇರೋ ಜಾಗ, ಅಲ್ಲೆಲ್ಲ 8 ಮಿ.ಮೀ ಬೋಲ್ಟ್ ಹಾಕಿ. ಇಲ್ಲದಿದ್ದರೆ ತಾರಸಿಯಲ್ಲಿ ಕಟ್ಟಿದ ಸೋಫಾ ಮೆಟ್ಟಿಲಲ್ಲಿ ತಿರುಗಲ್ಲ.

ಮೈಸೂರು_ರೇಖಾ

ಮಧ್ಯೆ ಬರ್ತಿದ್ದೇನೆ. ನಮ್ಮಲ್ಲಿ ಪ್ಯಾಲೆಟ್ ಹಲಗೆಯ ಪುಸ್ತಕದ ಕಪಾಟು ಇದೆ. ಮಳೆಗಾಲ ಮುಗಿದ ಮೇಲೆ ಕೆಳಗೆ ನುಣ್ಣನೆಯ ಪುಡಿ, ಟಾಲ್ಕಂ ಪೌಡರ್ ಥರ, ಬೀಳೋಕೆ ಶುರುವಾಯ್ತು. ಹಲಗೆಯಲ್ಲಿ ಸೂಜಿ ಚುಚ್ಚಿದ ಹಾಗೆ ತೂತು. ಇದು ಗೆದ್ದಲಾ? ಸೀಮೆಎಣ್ಣೆ ಹಚ್ಚಲಾ?

ಪೀಣ್ಯ_ಪ್ಯಾಕಿಂಗ್

ಗೆದ್ದಲಲ್ಲ ಮೇಡಂ, ಗೆದ್ದಲಾದರೆ ಮಣ್ಣಿನ ಗೆರೆ ಕಾಣುತ್ತೆ. ಇದು ಮರ ಪುಡಿ ಮಾಡೋ ಹುಳ. ನಿಮ್ಮ ಹಲಗೆ ರಬ್ಬರ್ ಮರದ್ದಿರಬಹುದು, ಅದಕ್ಕೆ ಈ ಹುಳ ಬೇಗ ಬೀಳುತ್ತೆ. ತೂತಿನ ಸುತ್ತ ಪೆನ್ಸಿಲ್‌ನಲ್ಲಿ ಗುರುತು ಹಾಕಿ, ಪುಡಿ ಒರೆಸಿ ಬಿಡಿ. ಹೊಸ ಪುಡಿ ಬಿದ್ದರೆ, ಹೊಸ ತೂತು ಬಂದರೆ ಹುಳ ಇನ್ನೂ ಜೀವಂತ ಇದೆ. ಆಗ ಆ ಹಲಗೆ ಬದಲಾಯಿಸೋದೇ ಸರಿ. ಸೀಮೆಎಣ್ಣೆ ಒಳಗಿನವರೆಗೆ ಇಳಿಯಲ್ಲ, ಮನೆಯೆಲ್ಲ ವಾಸನೆ ಬೇರೆ, ಬೆಂಕಿಯ ಅಪಾಯವೂ ಇದೆ.

ಸಹನಾ ಅವರೂ ಇದನ್ನು ನೋಡಿಕೊಳ್ಳಿ. ಹಲಗೆ ಆರಿಸುವಾಗಲೇ ಸೂಜಿ ತೂತು ಇದ್ದದ್ದನ್ನು ಬಿಡಿ. ಉಳಿದದ್ದಕ್ಕೆ ಬೋರಾಕ್ಸ್ ಮತ್ತು ಬೋರಿಕ್ ಪುಡಿ ಬಿಸಿನೀರಲ್ಲಿ ಕರಗಿಸಿ, ಕೈಗವಸು ಹಾಕಿಕೊಂಡು ಎರಡು ಸಲ ಬಳಿಯಬಹುದು. ಅಂಟು ಹಾಕುವ ಮುಖ ಬಿಟ್ಟು ಬಳಿಯಿರಿ. ಅದು ನೀರಲ್ಲಿ ತೊಳೆದುಹೋಗುವಂಥದ್ದು, ಹಾಗಾಗಿ ಪೂರ್ತಿ ಒಣಗಿದ ಮೇಲೆ ಮೇಲೊಂದು ಪಾಲಿಶ್ ಬೇಕೇ ಬೇಕು.

ಸಹನಾ_ರಾಜಾಜಿನಗರ

ಎಲ್ಲ ಪ್ಯಾಲೆಟ್ ಬಿಚ್ಚಿ ಆಯ್ತು. 33 ಹಲಗೆ ಚೆನ್ನಾಗಿವೆ! ನೀಲಗಿರಿಯದ್ದೇ ಜಾಸ್ತಿ ಸೀಳಿದ್ದು.

ಈಗ ಉಜ್ಜೋದು. ಹಲಗೆಗಳು ಒಂದೇ ದಪ್ಪ ಇಲ್ಲ. ಕೆಲವು 17 ಮಿ.ಮೀ, ಕೆಲವು 21. ಹತ್ತಿರದ ಸಾ ಮಿಲ್‌ನಲ್ಲಿ ಪ್ಲೇನರ್‌ಗೆ ಹಾಕಿಕೊಡಿ ಅಂದೆ. ಪ್ಯಾಲೆಟ್ ಮರ ಅಂದ ತಕ್ಷಣ ಆಗಲ್ಲ ಅಂದರು. ಸ್ಯಾಂಡರ್‌ನಲ್ಲೇ ಎಲ್ಲ 17ಕ್ಕೆ ಇಳಿಸಬೇಕಾ?

ಪೀಣ್ಯ_ಪ್ಯಾಕಿಂಗ್

ಮಿಲ್‌ನವರನ್ನು ದೂರಬೇಡಿ. ಒಂದು ಮುರಿದ ಮೊಳೆ ಸಿಕ್ಕರೆ ಅವರ ಅಲಗಿಗೆ ಹಲ್ಲು ಬೀಳುತ್ತೆ.

ಸ್ಯಾಂಡರ್‌ನಲ್ಲಿ 4 ಮಿ.ಮೀ ಇಳಿಸೋ ಮಾತೇ ಬೇಡ. ಹಲಗೆಗಳನ್ನು ದಪ್ಪದ ಪ್ರಕಾರ ಗುಂಪು ಮಾಡಿ. ಒಂದೇ ಪದರದಲ್ಲಿ ತುದಿಗೆ ತುದಿ ಸೇರೋ ತುಂಡುಗಳು ಮಾತ್ರ ಒಂದೇ ದಪ್ಪ ಇರಬೇಕು. 67, 46, 67 ಮೂರೂ 20ರ ಗುಂಪಿನವಾದರೆ ಸಾಕು, ಒಳಪದರ 18 ಇದ್ದರೂ ನಡೆಯುತ್ತೆ. ಆಗ ಎರಡೂ ಸೇರಿ 38, ಸ್ಕ್ರೂ 35 ಆದರೂ ತಲೆ ಒಳಗೆ ಇಳಿದರೆ ಮೊನೆ ತೀರಾ ಹತ್ತಿರ ಬರುತ್ತೆ, 30 ತನ್ನಿ. 17ರವನ್ನು ಒರಗುವ ಭಾಗಕ್ಕೆ ಹಾಕಿ, ಅಲ್ಲಿ ಭಾರ ಕಮ್ಮಿ. ದಪ್ಪನೆಯವು ಕೂರುವ ಜಾಗಕ್ಕೆ. ಅಡ್ಡಹಲಗೆಯ ನಡುಭಾಗದಲ್ಲಿ ದೊಡ್ಡ ಗಂಟು ಬರದ ಹಾಗೆ ಕತ್ತರಿಸಿ, ಮುರಿದರೆ ಅಲ್ಲೇ ಮುರಿಯೋದು. 9 ಸೆಂ.ಮೀ ಹಲಗೆಗೆ 5 ಸೆಂ.ಮೀ ಸಂದು ಬಿಡಿ.

ಉಜ್ಜೋ ಮೊದಲು ತಂತಿ ಬ್ರಷ್‌ನಲ್ಲಿ ಮಣ್ಣು, ಕಲ್ಲಿನ ಪುಡಿ ತೆಗೆಯಿರಿ. ಇಲ್ಲದಿದ್ದರೆ ಕಾಗದ ನಿಮಿಷದಲ್ಲಿ ಸವೆದುಹೋಗುತ್ತೆ. ಒಂದು ಬಲವಾದ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಹಲಗೆಯ ಮೇಲೆ ನಿಧಾನಕ್ಕೆ ಆಡಿಸಿ. ಎಲ್ಲಾದರೂ ವಾಲಿದರೆ ಅಲ್ಲಿ ಮೊಳೆ ಅಡಗಿದೆ. ಹಳೇ ಸ್ಪೀಕರ್‌ನದ್ದು ಆಗುತ್ತೆ.

ಕಾಣುವ ಮುಖಕ್ಕೆ 60, ಆಮೇಲೆ 80, ಆಮೇಲೆ 120 ನಂಬರ್ ಕಾಗದ. 120ಕ್ಕೆ ನಿಲ್ಲಿಸಿ. ಕೈ ತಾಗುವ ಅಂಚಿಗೆ ಬೇಕಾದರೆ 150. ಅಂಟು ಹಾಕುವ ಮುಖ ಬೇರೆ. ಅದಕ್ಕೆ 60 ಅಥವಾ 80 ಸಾಕು, ನುಣುಪು ಬೇಡ. ಆದರೆ ಬಿಸಿಲು ಮಳೆಗೆ ಬೂದಿಯಾದ ಮೇಲ್ಪದರ ಪೂರ್ತಿ ಹೋಗಿ ಹಸಿಮರದ ಬಣ್ಣ ಕಾಣಬೇಕು. ಬೂದಿ ಪದರದ ನಾರು ಸತ್ತಿರುತ್ತೆ. ಅದರ ಮೇಲೆ ಅಂಟು ಹಾಕಿದರೆ ಅಂಟು ಗಟ್ಟಿಯಾಗೇ ಇರುತ್ತೆ, ನಾರು ಕಿತ್ತು ಬರುತ್ತೆ. ಎರಡು ತುಂಡು ಅಂಟಿಸಿ ಮಾರನೇ ದಿನ ಉಳಿ ಹಾಕಿ ಸೀಳಿ ನೋಡಿ. ಮರ ಸೀಳಿದರೆ ಅಂಟು ಸರಿ. ಅಂಟಿನ ಗೆರೆಯಲ್ಲೇ ಶುದ್ಧವಾಗಿ ಬಿಟ್ಟುಕೊಂಡರೆ ಇನ್ನೂ ಉಜ್ಜಬೇಕು.

ಮೂಗಿಗೆ ಕರ್ಚೀಫ್ ಸಾಲಲ್ಲ, ಎನ್95 ಹಾಕಿ.

ಮಲೆನಾಡ_ಮಾಣಿ

ಹಲಗೆ ಒಣಗಿದ್ಯಾ ಕೇಳಿ ಮೊದಲು. ಮಳೆಗೆ ನೆನೆದ ಪ್ಯಾಲೆಟ್ ಆದರೆ ಈಗ ನೀಟಾಗಿ ಕೂರಿಸಿದ್ದು ಬೇಸಿಗೆಗೆ ಸಂದು ಬಿಡ್ತದೆ. ನಮ್ಮಲ್ಲಿ ಕೊಯ್ದ ಹಲಗೆ ಅಟ್ಟದಲ್ಲಿ ನಡುವೆ ಪಟ್ಟಿ ಇಟ್ಟು ಪೇರಿಸ್ತೇವೆ, ಗಾಳಿ ಆಡ್ಬೇಕು.

ಪೀಣ್ಯ_ಪ್ಯಾಕಿಂಗ್

ಮಾಣಿ, ಈ ಸಲ ಸರಿಯಾಗಿ ಹಿಡಿದಿರಿ. ಸಹನಾ ಅವರೇ, ಅಡುಗೆಮನೆ ತಕ್ಕಡಿಯಲ್ಲಿ ಒಂದೆರಡು ಹಲಗೆ ತೂಗಿ ಬರೆದಿಡಿ. ನೆರಳಲ್ಲಿ ಪಟ್ಟಿ ಇಟ್ಟು ಪೇರಿಸಿ. ಕೆಲವು ದಿನಕ್ಕೊಮ್ಮೆ ಅದೇ ಹಲಗೆ ತೂಗಿ. ತೂಕ ಇಳಿಯೋದು ನಿಂತ ಮೇಲೆ ಅಂಟಿಗೆ ಕೈಹಾಕಿ. ಬಿಸಿಲಿಗೆ ಹಾಕಬೇಡಿ, ತುದಿ ಬಿರುಕು ಬಿಡುತ್ತೆ.

ಹುಬ್ಬಳ್ಳಿ_ಕಾಕಾ

ತೂಕ ಮಾಡೂದು ಛಲೋ ಐತಿ. ನಮ್ಮ ಬಡಿಗ್ಯಾರ ಹಲಗಿ ಬಡಿದು ಸಪ್ಪಳ ಕೇಳಿ ಹೇಳ್ತಿದ್ದ, ನಮಗ ಆ ಕಿವಿ ಎಲ್ಲಿ ಬರ್ತದ. ತಂಗಿ, ಬೆನ್ನು ಹಚ್ಚೂ ಭಾಗ ನೆಟ್ಟಗ ನಿಲ್ಲಿಸಬ್ಯಾಡ. ಕೋರ್ಟಿನ ಬೆಂಚಿನಗತೆ ಆಗ್ತದ.

ಸಹನಾ_ರಾಜಾಜಿನಗರ

ಹೌದು, ಅದನ್ನೇ ಕೇಳಬೇಕಿತ್ತು. ತೊಲೆ ನೆಟ್ಟಗಿದೆ. ಹಿಂದಕ್ಕೆ ವಾಲಿಸೋದು ಹೇಗೆ?

ಪೀಣ್ಯ_ಪ್ಯಾಕಿಂಗ್

ಕಾಲು ಬೇರೆ, ಬೆನ್ನಿನ ಕಂಬ ಬೇರೆ ಮಾಡಿ. 120ರ ಒಂದು ತೊಲೆಯಲ್ಲಿ 75ರ ಒಂದು ಕಂಬ, 30ರ ಒಂದು ಕಾಲು ಬರುತ್ತೆ. ಕಂಬ ಮೂರು: ಎರಡು ತುದಿ, ಒಂದು ನಡುವೆ. ಕಂಬದ ಕೆಳತುದಿಯನ್ನು ಪಕ್ಕದ ಪಟ್ಟಿಗೆ, ನಡುಕಂಬವನ್ನು ನಡುವಿನ ಅಡ್ಡ ತೊಲೆಗೆ, ಎರಡೆರಡು ಬೋಲ್ಟ್‌ನಲ್ಲಿ ಹಿಡಿಸಿ. ಮೊದಲು ಕೆಳಗಿನ ಬೋಲ್ಟ್ ಮಾತ್ರ ಹಾಕಿ. ಕಂಬವನ್ನು ಹಿಂದಕ್ಕೆ ಒರಗಿಸಿ, ಕೂರುವ ಮಟ್ಟದಿಂದ 45 ಸೆಂ.ಮೀ ಮೇಲೆ ಅಳೆದಾಗ 9ರಿಂದ 10 ಸೆಂ.ಮೀ ಹಿಂದೆ ಹೋಗಿರಬೇಕು. ಫೋಮ್ ಇಟ್ಟು ನೀವೇ ಕೂತು ನೋಡಿ. ಸರಿ ಅನ್ನಿಸಿದ ಮೇಲೆ ಎರಡನೇ ತೂತು ಕೊರೆಯಿರಿ. ಅಳತೆಗಿಂತ ನಿಮ್ಮ ಬೆನ್ನಿನ ಮಾತು ಕೇಳೋದು ವಾಸಿ.

ಚೌಕಟ್ಟಿನ ಎತ್ತರ 30 ಇಟ್ಟರೆ 13ರ ಫೋಮ್ ಸೇರಿ 43. ಕೂತಾಗ ಅದುಮಿ 40 ಹತ್ತಿರ ಬರುತ್ತೆ. ಮನೆಯಲ್ಲಿ ಮಂಡಿನೋವಿನವರು ಇದ್ದರೆ ಕಾಲು 3 ಸೆಂ.ಮೀ ಉದ್ದ ಮಾಡಿ.

ಸಹನಾ_ರಾಜಾಜಿನಗರ

ಹಲಗೆ ಒಣಗಿಸಿ, ಮುಂದಿನ ಪಟ್ಟಿ ಅಂಟಿಸಿ ಆಯ್ತು. ಸೀಳಿ ನೋಡಿದ ತುಂಡಿನಲ್ಲಿ ಮರವೇ ಸೀಳಿತು, ಅಂಟಲ್ಲ. ಚೌಕಟ್ಟು ಬೋಲ್ಟ್ ಹಾಕಿ ನಿಲ್ಲಿಸಿದ್ದೇನೆ. ಭಾರ ಹೊರುತ್ತಾ ಅಂತ ಹೇಗೆ ನೋಡಲಿ? ಮೂವರನ್ನು ಕೂರಿಸೋಕೆ ಭಯ.

ಪೀಣ್ಯ_ಪ್ಯಾಕಿಂಗ್

ಮುಂದಿನ ಪಟ್ಟಿಯ ಎರಡು ತುದಿಗೆ ಮೊಳೆ ಹೊಡೆದು ಅಡಿ ಅಂಚಿಗೆ ಸರಿಯಾಗಿ ಬಿಗಿ ದಾರ ಕಟ್ಟಿ. 25 ಕೆಜಿ ಅಕ್ಕಿ ಮೂಟೆ ಇದ್ದರೆ ಒಂದೊಂದಾಗಿ ಮುಂದಿನ ಅಂಚಿನ ಹತ್ತಿರ ಇಡುತ್ತಾ ಹೋಗಿ. ಇಲ್ಲದಿದ್ದರೆ ನೀರಿನ ಕ್ಯಾನು. ಪಟ್ಟಿ ದಾರಕ್ಕಿಂತ ಕೆಳಗೆ ಎಷ್ಟು ಇಳಿಯಿತು ನೋಡಿ. ಒಂದೆರಡು ಮಿ.ಮೀ ಇಳಿದು, ಭಾರ ತೆಗೆದಾಗ ವಾಪಸ್ ಬಂದರೆ ಚಿಂತೆಯಿಲ್ಲ. ವಾಪಸ್ ಬರದೆ ಅಲ್ಲೇ ನಿಂತರೆ ಯಾವುದೋ ಸಂದು ಜಾರಿದೆ. ರಾತ್ರಿ ಪೂರ್ತಿ ಭಾರ ಬಿಟ್ಟು ಬೆಳಿಗ್ಗೆ ಇನ್ನೊಮ್ಮೆ ಅಳೆಯಿರಿ.

ಸಹನಾ_ರಾಜಾಜಿನಗರ

ಆರು ಕ್ಯಾನು ಇಟ್ಟು ರಾತ್ರಿ ಬಿಟ್ಟಿದ್ದೆ, ಒಟ್ಟು 120 ಕೆಜಿ ಮೇಲೆ. ಮುಂದಿನ ಪಟ್ಟಿ 1 ಮಿ.ಮೀ ಕೂಡ ಇಳಿದಿಲ್ಲ. ಆದರೆ ಅಡ್ಡಹಲಗೆ ಮೇಲೆ ಕೂತು ಪಕ್ಕಕ್ಕೆ ಹೊರಳಿದರೆ ಕೀಂಯ್ ಅನ್ನುತ್ತೆ.

ಮಂಜು_ಮ್ಯೂನಿಕ್

ಅದು ಹಲಗೆ ರೀಪರ್ ಮೇಲೆ ಉಜ್ಜೋ ಶಬ್ದ. ರೀಪರ್ ಮೇಲೆ ಹಳೇ ಯೋಗ ಮ್ಯಾಟ್ ಕತ್ತರಿಸಿ ಅಂಟಿಸಿ, ಅಥವಾ ಉಣ್ಣೆ ಬಟ್ಟೆ. ಹಲಗೆಗೆ ತುದಿಗೆ ಎರಡೆರಡು ಸ್ಕ್ರೂ ಹಾಕಿ, ಒಂದೇ ಆದರೆ ತಿರುಗುತ್ತೆ. ಮೊದಲು 3 ಮಿ.ಮೀ ತೂತು ಕೊರೆದು ಹಾಕಿ.

ಪಾಲಿಶ್‌ಗೆ ಅಗಸೆ ಎಣ್ಣೆ ಸಾಕು. ಎರಡು ಕೈ ಬಳಿದು ಒರೆಸಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೀಬೇಡಿ, ತಾನಾಗೇ ಬಿಸಿಯಾಗಿ ಹೊತ್ತಿಕೊಳ್ಳುತ್ತೆ. ಹರಡಿ ಒಣಗಿಸಿ.

ಪೀಣ್ಯ_ಪ್ಯಾಕಿಂಗ್

ಬಟ್ಟೆ ವಿಷಯ ನೂರಕ್ಕೆ ನೂರು ಸರಿ. ಆದರೆ ಬೋರಾಕ್ಸ್ ಬಳಿದ ಮರಕ್ಕೆ ಬರೀ ಎಣ್ಣೆ ಸಾಲದು ಅಂತ ನನ್ನ ಅಭಿಪ್ರಾಯ. ಚಹಾ ಚೆಲ್ಲಿದಾಗ, ನೆಲ ಒರೆಸಿದ ನೀರು ಕಾಲಿಗೆ ತಾಗಿದಾಗ ಮದ್ದು ತೊಳೆದುಹೋಗುತ್ತೆ. ಪಾಲಿಯುರಿಥೇನ್ ಹಾಕಿ.

ಮಂಜು_ಮ್ಯೂನಿಕ್

ಅದು ಗೀಚಿದರೆ ರಿಪೇರಿ ಮಾಡೋಕೆ ಇಡೀ ಹಲಗೆ ಮತ್ತೆ ಉಜ್ಜಬೇಕು. ಎಣ್ಣೆಯಾದರೆ ಅಷ್ಟೇ ಜಾಗಕ್ಕೆ ಬಳಿದರೆ ಮುಗೀತು.

ಹುಬ್ಬಳ್ಳಿ_ಕಾಕಾ

ಕಾಲಿಗೆ ಅದು, ಮ್ಯಾಲೆ ಇದು ಹಚ್ರಿ. ಜಗಳ ಯಾಕ?

ಸಹನಾ_ರಾಜಾಜಿನಗರ

ಕಾಕಾ ಹೇಳಿದ ಹಾಗೆ ಮಾಡಬಹುದಾ ಪೀಣ್ಯ ಸಾರ್? ಎರಡೂ ಸೇರೋ ಜಾಗದಲ್ಲಿ ಬಣ್ಣ ಬೇರೆ ಬೇರೆ ಕಾಣಲ್ವಾ?

ಪೀಣ್ಯ_ಪ್ಯಾಕಿಂಗ್

ಮಾಡಬಹುದು. ಎಣ್ಣೆ ಪೂರ್ತಿ ಒಣಗೋ ಮುಂಚೆ ಮಾತ್ರ ಪಕ್ಕದಲ್ಲಿ ಪಾಲಿಯುರಿಥೇನ್ ಹಾಕಬೇಡಿ, ಹಿಡಿಯಲ್ಲ. ಬಣ್ಣ ಹೇಗೆ ಬರುತ್ತೆ ಅಂತ ಉಳಿದ ತುಂಡುಗಳ ಮೇಲೆ ಎರಡನ್ನೂ ಹಚ್ಚಿ ಫೋಟೋ ಹಾಕಿ, ನೋಡಿ ಹೇಳ್ತೀನಿ. ಸಿಲ್ವರ್ ಓಕ್ ಒಂದು, ನೀಲಗಿರಿ ಒಂದು.